ಎಷ್ಟು ಬಾರಿ ತೊಳೆದರೆ ಸಾಕು?

ಬೇಲೂರಿನ ಚೆನ್ನಕೇಶವನಿಗೆ 1117ರಲ್ಲಿ ಪ್ರತಿಷ್ಠೆಯಾಯಿತು. ಅಲ್ಲಿ ಇಂದಿಗೂ ಪೂಜೆ ನಡೆಯುತ್ತದೆ. ಯಾವುದೇ ದೇವಸ್ಥಾನದಲ್ಲಿ ಅರ್ಚಕರ ಬೆಳಗನ್ನು ಗಮನಿಸಿದರೆ ಅದು ಬಹುಮಟ್ಟಿಗೆ ಆವರ್ತನೆಗಳಿಂದಲೇ ಕೂಡಿದೆ: ಸ್ನಾನ, ಮಡಿಬಟ್ಟೆ, ಮೂರು ಬಾರಿ ಆಚಮನ, ಗೊತ್ತಾದ ಕ್ರಮದಲ್ಲಿ ಅಭಿಷೇಕ, ಅಲಂಕಾರ, ನೈವೇದ್ಯ, ಮಂಗಳಾರತಿ. ಕ್ರಮ ತಪ್ಪಬಾರದು, ಮಡಿಯಲ್ಲಿರುವವರನ್ನು ಯಾರೂ ಮುಟ್ಟಬಾರದು. ಗೀಳು ಕಾಯಿಲೆ, ಅಂದರೆ ಈಗ ಎಲ್ಲರ ಬಾಯಲ್ಲೂ ಇರುವ ಒಸಿಡಿ, ಹೊರನೋಟಕ್ಕೆ ಹೀಗೆಯೇ ಕಾಣುತ್ತದೆ. ತೊಳೆಯುವುದು, ಎಣಿಸುವುದು, ಕ್ರಮ ತಪ್ಪಿದರೆ ಮೊದಲಿನಿಂದ ಶುರುಮಾಡುವುದು. ಈ ಹೋಲಿಕೆಯನ್ನು 1907ರಷ್ಟು ಹಿಂದೆಯೇ ಫ್ರಾಯ್ಡ್ ಒಂದು ಪ್ರಬಂಧದಲ್ಲಿ ಎತ್ತಿದ್ದ. ಹೋಲಿಕೆ ನಿಜವೇ. ಆದರೆ ಎಷ್ಟು ಸಲ ಮಾಡುತ್ತಾರೆ ಎಂಬ ಲೆಕ್ಕವೊಂದರಿಂದಲೇ ಕಾಯಿಲೆಯನ್ನು ಗುರುತಿಸಲು ಹೊರಟವರು ಅರ್ಚಕರನ್ನು ರೋಗಿಯನ್ನಾಗಿಸುತ್ತಾರೆ, ಇಲ್ಲವೆ ರೋಗಿಯನ್ನು ಮಡಿವಂತರೆಂದು ಹೊಗಳಿ ಕಳಿಸುತ್ತಾರೆ. ನಮ್ಮ ಕಡೆ ಹೆಚ್ಚಾಗಿ ನಡೆಯುವುದು ಎರಡನೆಯದು. ನೋಡಬೇಕಾದದ್ದು ಬೇರೆ: ಆ ಕೆಲಸಕ್ಕೆ ಕೊನೆ ಎಲ್ಲಿದೆ, ಆ ಕೊನೆಯನ್ನು ಗೊತ್ತುಮಾಡುವವರು ಯಾರು?

ಇದಕ್ಕೆ ಮೊದಲು ಬರೀ ಆತಂಕವನ್ನೂ ಗೀಳನ್ನೂ ಬೇರೆಮಾಡಿಕೊಳ್ಳಬೇಕು. ಅರಸೀಕೆರೆಯ ಇಬ್ಬರು ಗೃಹಿಣಿಯರನ್ನು ಊಹಿಸಿಕೊಳ್ಳಿ. ಇಬ್ಬರೂ ನಿಜವಾದ ವ್ಯಕ್ತಿಗಳಲ್ಲ, ಮನೋವೈದ್ಯರ ಕೊಠಡಿಯಲ್ಲಿ ಮತ್ತೆ ಮತ್ತೆ ಕಾಣುವ ಲಕ್ಷಣಗಳನ್ನು ಸೇರಿಸಿ ಕಟ್ಟಿದ ಚಿತ್ರಗಳು. ಮೊದಲನೆಯವರಿಗೆ ಕೊಬ್ಬರಿ ಬೆಲೆಯ ಚಿಂತೆ, ತೋಟಕ್ಕೆ ಬಿದ್ದ ನುಸಿಯ ಚಿಂತೆ, ಬೆಂಗಳೂರಿನ ಮಗ ಫೋನ್ ಎತ್ತದಿದ್ದರೆ ಅಪಘಾತವಾಯಿತೇನೋ ಎಂಬ ಚಿಂತೆ. ಒಂದು ಕರಗುವಷ್ಟರಲ್ಲಿ ಇನ್ನೊಂದು. ನಿದ್ದೆ ಬಾರದು, ಎದೆ ಡವಗುಟ್ಟುತ್ತದೆ, ಕತ್ತು ಹೆಗಲು ಬಿಗಿದುಕೊಂಡಿರುತ್ತವೆ. ಇದು ಆರು ತಿಂಗಳು ಬಹುತೇಕ ದಿನಗಳಲ್ಲಿ ಹೀಗೆಯೇ ನಡೆದರೆ ವೈದ್ಯರು ಇದನ್ನು ಆತಂಕದ ಕಾಯಿಲೆ ಎನ್ನುತ್ತಾರೆ. ಆದರೆ ಇವರ ಚಿಂತೆಗಳ ವಸ್ತು ಗಮನಿಸಿ. ಎಲ್ಲವೂ ಬದುಕಿನಲ್ಲಿ ನಿಜಕ್ಕೂ ಆಗಬಹುದಾದ ಸಂಗತಿಗಳೇ, ಅಳತೆ ಮಾತ್ರ ಮೀರಿದೆ. ತಮ್ಮ ಯೋಚನೆ ತಮ್ಮದೇ ಎಂದು ಅವರಿಗೆ ಅನ್ನಿಸುತ್ತದೆ. ತಾಯಿಯಾದವಳು ಯೋಚಿಸದೆ ಇರುವುದು ಹೇಗೆ ಎಂದು ಅವರೇ ಕೇಳಿಯಾರು.

ಎರಡನೆಯವರು ಸಾವಾದ ಮನೆಗೆ ಹೋಗಿ ಬಂದಿದ್ದಾರೆ. ಪದ್ಧತಿಯಂತೆ ಬಂದೊಡನೆ ತಲೆಗೆ ಸ್ನಾನ ಮಾಡಿ ಬಟ್ಟೆ ನೆನೆಹಾಕಿದರೆ ಮುಗಿಯಿತು. ಅವರಿಗೆ ಮುಗಿಯಲಿಲ್ಲ. ಸ್ನಾನವಾದ ಮೇಲೆ ಒಂದು ಅನುಮಾನ: ನಲ್ಲಿ ತಿರುಗಿಸಿದ್ದು ಮೈಲಿಗೆ ಕೈಯಲ್ಲಲ್ಲವೇ? ನಲ್ಲಿ ತೊಳೆದರು. ಆ ನೀರು ಸಿಡಿದದ್ದು ತಂಬಿಗೆಗೆ. ತಂಬಿಗೆ ತೊಳೆದರು. ಅದೇ ತಂಬಿಗೆಯಿಂದಲ್ಲವೇ ಮೈಮೇಲೆ ನೀರು ಹೊಯ್ದುಕೊಂಡದ್ದು? ಮತ್ತೆ ಸ್ನಾನ. ತೊಳೆದು ನಿಂತ ಕ್ಷಣ ಎದೆ ಹಗುರಾಗುತ್ತದೆ, ಸ್ವಲ್ಪ ಹೊತ್ತಿಗೆ ಅನುಮಾನ ಇನ್ನೊಂದು ದಾರಿಯಿಂದ ಬರುತ್ತದೆ. ತಿಂಗಳುಗಳು ಕಳೆದಂತೆ ಗಂಡ ಬಾಗಿಲಲ್ಲೇ ಅಂಗಿ ಕಳಚಬೇಕು, ಮಗಳ ಶಾಲೆಯ ಚೀಲ ಹೊರಗೇ ಇರಬೇಕು. ನೀರಿಗೆ ಬರವಿರುವ ಅರಸೀಕೆರೆಯಂಥ ಊರಿನಲ್ಲಿ ತುಂಬಿಟ್ಟ ಡ್ರಮ್ಮು ಮಧ್ಯಾಹ್ನದೊಳಗೆ ಖಾಲಿಯಾದರೆ ಮನೆಯವರಿಗೆ ಕಾಯಿಲೆ ಕಾಣುವ ಮೊದಲು ಜಗಳ ಕಾಣುತ್ತದೆ. ಈಕೆಗೆ ಬರುವ ಯೋಚನೆ ಮೊದಲನೆಯವರದರಂತೆ ಹಲವು ಕಡೆ ಅಲೆಯುವುದಿಲ್ಲ. ಒಂದೇ ಕಡೆ ನಾಟಿಕೊಂಡು ಕೂರುತ್ತದೆ, ಬೇಡವೆಂದರೂ ನುಗ್ಗುತ್ತದೆ. ಇದು ಅತಿಯಾಯಿತು ಎಂದು ಬಹಳಷ್ಟು ರೋಗಿಗಳಿಗೆ ಗೊತ್ತಿರುತ್ತದೆ. ಗೊತ್ತಿದ್ದೂ ಕೈ ನಿಲ್ಲದು. ಕಾಯಿಲೆಯ ತಿರುಳು ಇರುವುದು ಯೋಚನೆ, ಕಳವಳ, ಕ್ರಿಯೆ, ಕ್ಷಣದ ಸಮಾಧಾನ, ಮತ್ತೆ ಯೋಚನೆ ಎಂಬ ಈ ಸುತ್ತಿನಲ್ಲಿ. ಸಮಾಧಾನ ಸಿಕ್ಕಿದ್ದರಿಂದಲೇ ಸುತ್ತು ಗಟ್ಟಿಯಾಗುತ್ತದೆ: ತೊಳೆದದ್ದಕ್ಕೇ ಕೇಡು ತಪ್ಪಿತು ಎಂದು ಮನಸ್ಸು ಪಾಠ ಕಲಿಯುತ್ತದೆ, ತೊಳೆಯದಿದ್ದರೂ ಏನೂ ಆಗುತ್ತಿರಲಿಲ್ಲ ಎಂದು ತಿಳಿಯುವ ಅವಕಾಶವೇ ಅದಕ್ಕೆ ಸಿಗುವುದಿಲ್ಲ.

ಕೆಟ್ಟ ಯೋಚನೆ ಎಲ್ಲರಿಗೂ ಬರುತ್ತದಲ್ಲ, ಎಲ್ಲರಿಗೂ ಸ್ವಲ್ಪ ಸ್ವಲ್ಪ ಒಸಿಡಿ ಇದ್ದೇ ಇದೆ ಎನ್ನುವವರಿದ್ದಾರೆ. ಈ ಮಾತಿನ ಮೊದಲರ್ಧ ಸರಿ. ಸ್ಟ್ಯಾನ್ಲಿ ರ್‍ಯಾಕ್‌ಮನ್ ಮತ್ತು ಶ್ರೀಲಂಕಾ ಮೂಲದ ಪದ್ಮಲ್ ಡಿ ಸಿಲ್ವ 1978ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಯಾವ ಕಾಯಿಲೆಯೂ ಇಲ್ಲದ ಜನರಲ್ಲಿ ಸುಮಾರು ನೂರಕ್ಕೆ ಎಂಬತ್ತು ಮಂದಿ ಇಂಥ ಬೇಡದ ಯೋಚನೆಗಳು ತಮಗೂ ಬರುತ್ತವೆ ಎಂದರು. ಮಗುವನ್ನು ಎತ್ತಿಕೊಂಡು ಬಾಲ್ಕನಿಯಲ್ಲಿ ನಿಂತಾಗ ಕೈಬಿಟ್ಟರೆ ಎಂಬ ಯೋಚನೆ, ಗರ್ಭಗುಡಿಯ ಮುಂದೆ ಕೈಮುಗಿದು ನಿಂತಾಗಲೇ ದೇವರ ಬಗ್ಗೆ ಅಶ್ಲೀಲ ಯೋಚನೆ. ಬಹುತೇಕರು ಥೂ ಎಂದುಕೊಂಡು ಮುಂದೆ ಹೋಗುತ್ತಾರೆ. ಗೀಳಿಗೆ ಒಳಗಾಗುವವರು ಆ ಯೋಚನೆಗೆ ಅರ್ಥ ಹಚ್ಚುತ್ತಾರೆ. ಇಂಥದ್ದು ಬಂತೆಂದರೆ ನಾನು ಪಾಪಿ, ಇದನ್ನು ಅಳಿಸಲೇಬೇಕು ಎಂದು ಮನಸ್ಸಿನೊಳಗೇ ನಾಮ ಜಪಿಸತೊಡಗುತ್ತಾರೆ, ಜಪದ ನಡುವೆ ಅದೇ ಯೋಚನೆ ಇಣುಕಿದರೆ ಒಂದರಿಂದ ಮತ್ತೆ ಎಣಿಸುತ್ತಾರೆ. ಹೊರಗಿನವರಿಗೆ ಏನೂ ಕಾಣದು. ನೀರೂ ಖರ್ಚಾಗದು, ಕೈಯೂ ಒರಟಾಗದು. ಹೀಗಾಗಿ ಒಸಿಡಿ ಎಂದರೆ ಕೈ ತೊಳೆಯುವ ಕಾಯಿಲೆ ಎಂಬ ಜನಪ್ರಿಯ ಕಲ್ಪನೆ ಈ ಬಗೆಯ ರೋಗಿಗಳಿಗೆ ದೊಡ್ಡ ಅನ್ಯಾಯ ಮಾಡಿದೆ. ಅಂಥವರು ತಮ್ಮದು ಕಾಯಿಲೆಯಲ್ಲ, ಪಾಪವೆಂದು ನಂಬಿ ವರ್ಷಗಟ್ಟಲೆ ಬಾಯಿ ಬಿಡುವುದಿಲ್ಲ. ದೇವಸ್ಥಾನಕ್ಕೆ ಹೋಗುವುದನ್ನೇ ನಿಲ್ಲಿಸಿದವರಿಗೆ ನಾಸ್ತಿಕರೆಂಬ ಹೆಸರೂ ಬರುತ್ತದೆ, ಇವರಷ್ಟು ದೇವರಿಗೆ ಹೆದರಿದವರು ಇನ್ನೊಬ್ಬರಿಲ್ಲದಿದ್ದರೂ.

ಇನ್ನೊಂದು ಆಕ್ಷೇಪ ಹೆಚ್ಚು ತೂಕದ್ದು. ಮಡಿ ಮೈಲಿಗೆಯನ್ನು ನಂಬುವ ಸಮಾಜದಲ್ಲಿ ಯಾವುದು ಅತಿ ಎಂದು ತೀರ್ಮಾನಿಸಲು ಡಾಕ್ಟರು ಯಾರು? ಮಡಿಯ ಸಾಮಾಜಿಕ ಸರಿತಪ್ಪು ಬೇರೆಯೇ ಚರ್ಚೆ, ಅದನ್ನು ಇಲ್ಲಿ ಎಳೆದು ತರುವುದಿಲ್ಲ. ಆದರೆ ಈ ಪ್ರಶ್ನೆಗೆ ಒಳ್ಳೆಯ ಉತ್ತರ ಕೊಟ್ಟವರು ಜೆರುಸಲೇಮಿನ ಮನೋವೈದ್ಯರಾದ ಡೇವಿಡ್ ಗ್ರೀನ್‌ಬರ್ಗ್ ಮತ್ತು ಎಲಿಯೇಜರ್ ವಿಟ್ಜ್ಟಮ್. ಅವರು ನೋಡಿದ್ದು ಶುದ್ಧಿ, ಆಹಾರ, ಪ್ರಾರ್ಥನೆಗಳ ಬಗ್ಗೆ ನಮ್ಮ ಮಡಿವಂತರಿಗಿಂತ ಕಡಿಮೆಯಿಲ್ಲದ ಕಟ್ಟಳೆಗಳಿರುವ ಸಂಪ್ರದಾಯಸ್ಥ ಯಹೂದಿಗಳನ್ನು. ಅಲ್ಲಿ ರೋಗಿಗಳು ಧರ್ಮ ಕೇಳುವುದಕ್ಕಿಂತ ಬಹಳ ಹೆಚ್ಚು ಮಾಡುತ್ತಿದ್ದರು, ಅದೂ ಒಂದೆರಡು ವಿಷಯಗಳಲ್ಲಿ ಮಾತ್ರ. ಉಳಿದ ಧರ್ಮಾಚರಣೆಗಳು ಮೂಲೆಗೆ ಬಿದ್ದಿದ್ದವು. ಅಂದರೆ ಅಳತೆಗೋಲನ್ನು ಡಾಕ್ಟರು ಹೊರಗಿನಿಂದ ತರಬೇಕಾಗಿಲ್ಲ, ಆ ಧರ್ಮದ ಕಟ್ಟಳೆಯೇ ಅಳತೆಗೋಲು. ಇದು ನಮ್ಮಲ್ಲಿಗೂ ಚೆನ್ನಾಗಿ ಒಪ್ಪುತ್ತದೆ. ನಮ್ಮ ವಿಧಿಗಳಿಗೆಲ್ಲ ಕೊನೆಯಿದೆ. ಪ್ರದಕ್ಷಿಣೆಗೆ ಸಂಖ್ಯೆಯಿದೆ, ಜಪಕ್ಕೆ ನೂರೆಂಟು ಮಣಿಯಿದೆ, ಸೂತಕಕ್ಕೂ ದಿನದ ಲೆಕ್ಕವಿದೆ. ಇನ್ನೂ ಮುಖ್ಯವಾಗಿ, ಪೂಜೆಯ ಕೊನೆಗೆ ಮಂತ್ರದಲ್ಲಿ, ಕ್ರಿಯೆಯಲ್ಲಿ ಲೋಪವಾಗಿದ್ದರೆ ಮನ್ನಿಸೆಂದು ಬೇಡುವ ಕ್ರಮವಿದೆ. ಮನುಷ್ಯ ತಪ್ಪುತ್ತಾನೆಂದು ಗೊತ್ತಿದ್ದ ಸಂಪ್ರದಾಯ ಆ ತಪ್ಪನ್ನು ಒಳಗೊಂಡೇ ಪೂಜೆ ಮುಗಿಸುವ ದಾರಿ ಮಾಡಿಟ್ಟಿದೆ. ಗೀಳಿಗೆ ಅಂಥ ಕ್ಷಮೆಯಿಲ್ಲ. ಅಲ್ಲಿ ಸಾಕು ಎನ್ನುವುದು ಶಾಸ್ತ್ರವಲ್ಲ, ಸರಿಯಾಯಿತು ಎಂಬ ಒಳಗಿನ ಅನಿಸಿಕೆ. ಆ ಅನಿಸಿಕೆಯೇ ಕೆಟ್ಟುಹೋಗಿರುವುದರಿಂದ ಕೊನೆ ಬರುವುದಿಲ್ಲ. ಮನೆಯ ಹಿರಿಯ ಮಡಿವಂತರೇ ಇಷ್ಟು ಬೇಡವಮ್ಮಾ ಎಂದು ಹೇಳುವಂತಾದರೆ, ಅಲ್ಲಿಗೆ ವಿಷಯ ಧರ್ಮದ ಕೈ ದಾಟಿತೆಂದೇ ಅರ್ಥ. ಇದರ ಜೊತೆಗೆ ವೈದ್ಯರು ಸಮಯವನ್ನೂ ನೋಡುತ್ತಾರೆ. ಯೋಚನೆ, ಕ್ರಿಯೆ ಎರಡೂ ಸೇರಿ ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ನುಂಗುತ್ತಿದ್ದರೆ, ಇಲ್ಲವೆ ಅಡುಗೆ, ಕೆಲಸ, ಓದು, ಸಂಬಂಧ ಕೆಡುತ್ತಿದ್ದರೆ ಅದನ್ನು ಕಾಯಿಲೆಯೆಂದೇ ಎಣಿಸಬೇಕು. ಸಾಮಾನ್ಯವಾಗಿ ಇದು ತಲೆಯೆತ್ತುವುದು ಹದಿಹರೆಯದಿಂದ ಇಪ್ಪತ್ತರ ವಯಸ್ಸಿನೊಳಗೆ. ಐವತ್ತು ದಾಟಿದ ಮೇಲೆ ಮೊದಲ ಬಾರಿಗೆ ಇಂಥ ಆವರ್ತನೆ ಶುರುವಾದರೆ ಮಿದುಳಿನ ಬೇರೆ ತೊಂದರೆಯಿದೆಯೇ ಎಂದು ಪರೀಕ್ಷಿಸಬೇಕಾಗುತ್ತದೆ.

ಹೆಸರು ಯಾವುದಾದರೇನು, ಎರಡರಲ್ಲೂ ಕಳವಳವಿದೆ, ಎರಡಕ್ಕೂ ಒಂದೇ ಗುಂಪಿನ ಮಾತ್ರೆ ಕೊಡುತ್ತಾರಲ್ಲ ಎಂದೂ ಕೇಳಬಹುದು. ದೀರ್ಘಕಾಲ ವೈದ್ಯಶಾಸ್ತ್ರವೂ ಹಾಗೆಯೇ ತಿಳಿದಿತ್ತು. ಅಮೆರಿಕದ ಮನೋವೈದ್ಯರ ಕೈಪಿಡಿಯಲ್ಲಿ ಒಸಿಡಿ ಆತಂಕದ ಕಾಯಿಲೆಗಳ ಪಟ್ಟಿಯಿಂದ ಹೊರಬಂದು ಪ್ರತ್ಯೇಕ ಅಧ್ಯಾಯ ಪಡೆದದ್ದು 2013ರಲ್ಲಿ. ಈ ವಿಂಗಡಣೆ ಬರೀ ಕಾಗದದ ಮೇಲಿನದಲ್ಲ. ಸೆರೊಟೊನಿನ್ ಮೇಲೆ ಕೆಲಸ ಮಾಡುವ ಫ್ಲುಯೊಕ್ಸೆಟಿನ್‌ನಂಥ ಔಷಧಿ ಎರಡಕ್ಕೂ ಬಳಕೆಯಾದರೂ ಗೀಳಿಗೆ ಸಾಮಾನ್ಯವಾಗಿ ಹೆಚ್ಚಿನ ಪ್ರಮಾಣ ಬೇಕು, ಫಲ ಕಾಣಲು ಎರಡರಿಂದ ಮೂರು ತಿಂಗಳು ಕಾಯಬೇಕು. ತಿಂಗಳಿಗೇ ಬಿಟ್ಟವರಿಗೆ ಔಷಧಿ ಹತ್ತಲಿಲ್ಲ ಎಂದು ತೋರುವುದು ಸಹಜ. ಮನೋಚಿಕಿತ್ಸೆಯಲ್ಲಿ ಅಂತರ ಇನ್ನೂ ದೊಡ್ಡದು. ಉಸಿರಾಟ, ಮೈ ಸಡಿಲಿಸುವ ಅಭ್ಯಾಸ ಆತಂಕದವರಿಗೆ ನೆರವಾಗುತ್ತವೆ, ಗೀಳಿಗೆ ಅವಷ್ಟೇ ಸಾಲವು. ಗೀಳಿಗೆ ಕೆಲಸಕ್ಕೆ ಬರುವುದು ಲಂಡನ್ನಿನ ವಿಕ್ಟರ್ ಮೇಯರ್ 1966ರಲ್ಲಿ ವರದಿ ಮಾಡಿದ ಉಪಾಯದಿಂದ ಬೆಳೆದ ಚಿಕಿತ್ಸೆ: ಹೆದರಿಕೆಯ ವಸ್ತುವಿಗೆ ಬೇಕೆಂದೇ ಒಡ್ಡಿಕೊಂಡು, ಆಮೇಲಿನ ಶುದ್ಧಿಯನ್ನು ತಡೆಹಿಡಿಯುವುದು. ತೊಳೆಯದೆ ಕುಳಿತರೆ ಕಳವಳ ಏರುತ್ತಲೇ ಹೋಗಿ ಹುಚ್ಚು ಹಿಡಿಯುತ್ತದೆ ಎಂದು ರೋಗಿ ನಂಬಿರುತ್ತಾರೆ. ರ್‍ಯಾಕ್‌ಮನ್ ಮತ್ತು ಸಂಗಡಿಗರು 1976ರಲ್ಲಿ ಇದನ್ನೇ ಅಳೆದು ನೋಡಿದರು. ತೊಳೆಯಬೇಕೆಂಬ ತುಡಿತ ಏನೂ ಮಾಡದೆ ಬಿಟ್ಟರೂ ಮೂರು ಗಂಟೆಗಳೊಳಗೆ ಬಹುಪಾಲು ತಾನಾಗಿಯೇ ಇಳಿಯಿತು.

ನಮ್ಮ ಎರಡನೆಯ ಗೃಹಿಣಿಯ ಮಟ್ಟಿಗೆ ಇದು ನಡೆಯುವುದು ಹೀಗೆ. ಮೊದಲು ಹೆದರಿಕೆಗಳನ್ನೆಲ್ಲ ಸುಲಭದಿಂದ ಕಷ್ಟಕ್ಕೆ ಮೆಟ್ಟಿಲಾಗಿ ಬರೆಯುತ್ತಾರೆ. ಮಗಳ ಶಾಲೆಯ ಚೀಲ ಮುಟ್ಟುವುದು ಕೆಳಗಿನ ಮೆಟ್ಟಿಲು, ಸಾವಿನ ಮನೆಗೆ ಹೋಗಿ ಬಂದು ಒಂದೇ ಸ್ನಾನಕ್ಕೆ ನಿಲ್ಲಿಸುವುದು ಮೇಲಿನದು. ಚೀಲ ಮುಟ್ಟಿ, ಕೈ ತೊಳೆಯದೆ, ಕಳವಳ ಎಷ್ಟಿದೆ ಎಂದು ಆಗಾಗ ನೂರಕ್ಕೆ ಅಂಕ ಕೊಡುತ್ತ ಕೂರಬೇಕು. ಅಂಕ ಅರ್ಧಕ್ಕಿಳಿಯುವವರೆಗೆ ಏಳುವಂತಿಲ್ಲ. ದಿನವೂ ಮಾಡಿದರೆ ಅದೇ ಚೀಲಕ್ಕೆ ಮೊದಲ ಅಂಕವೇ ಕಡಿಮೆಯಾಗುತ್ತ ಬರುತ್ತದೆ, ಆಗ ಮುಂದಿನ ಮೆಟ್ಟಿಲು. ಚಿಕಿತ್ಸೆ ಕೆಡುವುದು ಹೆಚ್ಚಾಗಿ ಮನೆಯವರ ಪ್ರೀತಿಯಿಂದ. ‘ಏನೂ ಮೈಲಿಗೆ ಆಗಿಲ್ಲ ಬಿಡು’ ಎಂದು ಗಂಡ ಹತ್ತು ಬಾರಿ ಹೇಳಿದರೆ ಆ ಮಾತೂ ಒಂದು ತೊಳೆಯುವಿಕೆಯೇ ಆಗುತ್ತದೆ. ಬೈದು ನಲ್ಲಿ ನಿಲ್ಲಿಸುವುದೂ ಚಿಕಿತ್ಸೆಯಲ್ಲ, ತಡೆಯುವ ಕೆಲಸ ರೋಗಿಯೇ ಒಪ್ಪಿ ಮಾಡಬೇಕಾದದ್ದು. ಎಲ್ಲರಿಗೂ ಪೂರ್ತಿ ಗುಣವಾಗುತ್ತದೆ ಎನ್ನಲಾಗದು. ಹಲವರಲ್ಲಿ ಲಕ್ಷಣಗಳು ಬದುಕಿಗೆ ಅಡ್ಡಬಾರದಷ್ಟಕ್ಕೆ ಇಳಿದು ಅಲ್ಲೇ ಉಳಿಯುತ್ತವೆ, ಮಾತ್ರೆ ಬೇಗ ನಿಲ್ಲಿಸಿದರೆ ಮರಳುವುದೂ ಉಂಟು.

ಈ ಕಡೆಯ ಊರುಗಳವರಿಗೆ ಹಾಸನದ ವೈದ್ಯಕೀಯ ವಿಜ್ಞಾನ ಸಂಸ್ಥೆಯ ಆಸ್ಪತ್ರೆ ಹತ್ತಿರ. ಗಟ್ಟಿಯಾಗಿ ಬೇರೂರಿದ ಗೀಳಿಗೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಪ್ರತ್ಯೇಕ ಒಸಿಡಿ ಕ್ಲಿನಿಕ್ ಇದೆ. ಪ್ರಯಾಣಕ್ಕೆ ಮೊದಲು ಮಾತಾಡಬೇಕೆನಿಸಿದರೆ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ಎಲ್ಲಿಗೆ ಹೋದರೂ ಒಂದು ತೊಡಕು ಬಾಗಿಲಲ್ಲೇ ಕಾದಿರುತ್ತದೆ. ನಾಚಿಕೆಯಿಂದ ರೋಗಿ ಹೇಳುವುದು ನಿದ್ದೆಯಿಲ್ಲ, ಗಾಬರಿ ಎಂದಷ್ಟೇ. ವೈದ್ಯರಿಗೆ ಕೇಳಿಸಿದ್ದು ಮೊದಲನೆಯ ಗೃಹಿಣಿಯ ಕಥೆ, ಬರೆದುಕೊಡುವುದೂ ಅದಕ್ಕೇ. ಸ್ನಾನಕ್ಕೆ ಎಷ್ಟು ಹೊತ್ತು ಹಿಡಿಯುತ್ತದೆ, ಮಾಡದೆ ಬಿಟ್ಟರೆ ಏನಾದೀತೆಂದು ಅನ್ನಿಸುತ್ತದೆ, ಮನಸ್ಸಿನಲ್ಲೇ ಏನಾದರೂ ಎಣಿಸುವುದುಂಟೇ ಎಂಬ ಮೂರು ವಿಷಯಗಳನ್ನು ಚೀಟಿಯಲ್ಲಿ ಬರೆದು ಕೈಗೆ ಕೊಟ್ಟರೂ ಸಾಕು, ಉಳಿದ ಪ್ರಶ್ನೆಗಳನ್ನು ಅವರೇ ಕೇಳುತ್ತಾರೆ.