ಚಾರ್ಟಿನ ಖಾಲಿ ಜಾಗ: ಆರಂಭವೋ, ಅಂತ್ಯವೋ?

ಷೇರಿನ ಬೆಲೆಯ ಚಾರ್ಟ್ ನೋಡುವಾಗ ಕೆಲವೆಡೆ ಎರಡು ದಿನಗಳ ಗೆರೆಗಳ ನಡುವೆ ಖಾಲಿ ಜಾಗ ಕಾಣಿಸುತ್ತದೆ. ಇದಕ್ಕೆ ಗ್ಯಾಪ್ ಎನ್ನುತ್ತಾರೆ. ನಿನ್ನೆಯ ಗರಿಷ್ಠ ಬೆಲೆಗಿಂತ ಇಂದಿನ ಕನಿಷ್ಠ ಬೆಲೆಯೇ ಹೆಚ್ಚಿದ್ದರೆ, ನಡುವಿನ ಬೆಲೆಗಳಲ್ಲಿ ಒಂದು ಷೇರೂ ಕೈ ಬದಲಾಗಿಲ್ಲ ಎಂದರ್ಥ. ಸಂಜೆ ಮಾರುಕಟ್ಟೆ ಮುಚ್ಚಿದ ಮೇಲೆ ಬಂದ ಸುದ್ದಿಯೇ ಸಾಮಾನ್ಯವಾಗಿ ಇದಕ್ಕೆ ಕಾರಣ.

ಗ್ಯಾಪ್‌ಗಳಲ್ಲಿ ನಾಲ್ಕು ವಿಧ: ಕಾಮನ್, ಬ್ರೇಕ್‌ಅವೇ, ರನ್‌ಅವೇ ಮತ್ತು ಎಕ್ಸಾಶ್ಚನ್. ನನಗೆ ಹೆಚ್ಚು ಗೊಂದಲವಾಗಿದ್ದು ಬ್ರೇಕ್‌ಅವೇ ಮತ್ತು ಎಕ್ಸಾಶ್ಚನ್ ನಡುವೆ. ಎರಡರಲ್ಲೂ ಬೆಲೆ ಜಿಗಿಯುತ್ತದೆ, ಎರಡರಲ್ಲೂ ವಹಿವಾಟು ಜೋರಾಗಿರುತ್ತದೆ. ಆದರೆ ಒಂದು ಏರಿಕೆಯ ಆರಂಭ, ಇನ್ನೊಂದು ಅದರ ಕೊನೆ.

ಒಂದು ಕಾಲ್ಪನಿಕ ಷೇರನ್ನು ತೆಗೆದುಕೊಳ್ಳೋಣ. ನಾಲ್ಕು ತಿಂಗಳು ಅದು 180 ಮತ್ತು 200 ರೂಪಾಯಿಗಳ ನಡುವೆಯೇ ಓಡಾಡಿದೆ. 200 ಬಂದಾಗಲೆಲ್ಲ ಮಾರುವವರು ಮುಗಿಬೀಳುತ್ತಾರೆ. ಒಂದು ದಿನ ಒಳ್ಳೆಯ ಲಾಭದ ಸುದ್ದಿ ಬಂದು ಷೇರು 212ಕ್ಕೆ ತೆರೆಯುತ್ತದೆ, ದಿನವಿಡೀ 208ಕ್ಕಿಂತ ಕೆಳಗೆ ಇಳಿಯುವುದಿಲ್ಲ. ಇದು ಬ್ರೇಕ್‌ಅವೇ. ಮುಂದಿನ ದಿನಗಳಲ್ಲಿ ಬೆಲೆ ಸ್ವಲ್ಪ ಇಳಿದರೂ 200ರ ಹತ್ತಿರ ಈಗ ಕೊಳ್ಳುವವರು ನಿಂತಿರುತ್ತಾರೆ. ಹಾಗಾಗಿ ಗ್ಯಾಪ್ ಬೇಗ ತುಂಬುವುದಿಲ್ಲ.

ಅದೇ ಷೇರು ಕೆಲವು ತಿಂಗಳಲ್ಲಿ 332 ತಲುಪಿದೆ ಎನ್ನಿ. ಇಷ್ಟು ದಿನ ಹೊರಗಿದ್ದವರೂ ಅವಸರದಿಂದ ಕೊಳ್ಳಲು ಬರುತ್ತಾರೆ. ಮರುದಿನ ಷೇರು 345ಕ್ಕೆ ತೆರೆದು, 352ರವರೆಗೆ ಹೋಗಿ, 341ಕ್ಕೆ ಮುಗಿಯುತ್ತದೆ. ವಹಿವಾಟು ಭಾರಿ, ಆದರೆ ಬೆಲೆ ಮೇಲೆ ನಿಲ್ಲಲಿಲ್ಲ. ಹಳಬರು ಮಾರಿ ಹೊರಡುತ್ತಿದ್ದಾರೆ, ಹೊಸದಾಗಿ ಕೊಳ್ಳುವವರು ಉಳಿದಿಲ್ಲ. ಮೂರು ದಿನದಲ್ಲಿ ಬೆಲೆ 328ಕ್ಕೆ ಇಳಿದರೆ ಗ್ಯಾಪ್ ತುಂಬಿತು. ಇದು ಎಕ್ಸಾಶ್ಚನ್.

ಆದ್ದರಿಂದ ನಾನು ನೋಡುವುದು ಎರಡು ವಿಷಯ: ಗ್ಯಾಪ್‌ಗೆ ಮೊದಲು ಬೆಲೆ ಒಂದೇ ಕಡೆ ನಿಂತಿತ್ತೋ, ಬಹಳ ಏರಿತ್ತೋ, ಆಮೇಲೆ ಕೆಲವೇ ದಿನಗಳಲ್ಲಿ ಗ್ಯಾಪ್ ತುಂಬಿತೋ, ಇಲ್ಲವೋ. ಎರಡನೆಯದಕ್ಕೆ ಕಾಯಲೇಬೇಕು. ಗ್ಯಾಪ್ ಆದ ಬೆಳಿಗ್ಗೆಯೇ ಹೆಸರಿಡಲು ಆಗುವುದಿಲ್ಲ.

ಕಾದ ಮೇಲೂ ತಪ್ಪಬಹುದು. 2024ರ ಮೇ 31ರಂದು ಸೆನ್ಸೆಕ್ಸ್ 73,961ರಲ್ಲಿ ಮುಗಿದಿತ್ತು. ಮತಗಟ್ಟೆ ಸಮೀಕ್ಷೆಗಳ ನಂತರ ಜೂನ್ 3ರಂದು ದೊಡ್ಡ ಗ್ಯಾಪ್‌ನೊಂದಿಗೆ ತೆರೆದು 76,468ಕ್ಕೆ ಮುಗಿಯಿತು. ಮರುದಿನ ಮತ ಎಣಿಕೆಯಲ್ಲಿ 72,079ಕ್ಕೆ ಕುಸಿದು ಗ್ಯಾಪ್ ಪೂರ್ತಿ ತುಂಬಿತು. ನೋಡಲು ಅಪ್ಪಟ ಎಕ್ಸಾಶ್ಚನ್! ಆದರೆ ಜೂನ್ 7ರಂದು ಸೂಚ್ಯಂಕ 76,693ಕ್ಕೆ ಮರಳಿತು. ಗ್ಯಾಪ್ ತುಂಬಿದ ಮಾತ್ರಕ್ಕೆ ಏರಿಕೆ ಮುಗಿಯಿತು ಎನ್ನಲಾಗದು. ತುಂಬಿದ ಮೇಲೂ ಬೆಲೆ ಕೆಳಗೇ ಉಳಿದರೆ ಮಾತ್ರ ಆ ಹೆಸರು ಸರಿಹೋಗುತ್ತದೆ.