ಚೌಕ ಕಂಸದೊಳಗಿನ ಅಕ್ಷರ

ಹಿರೇಕೆರೂರು ತಾಲ್ಲೂಕಿನ ಅಬಲೂರು ಸರ್ವಜ್ಞನ ಊರೆಂದು ಹೆಸರಾಗಿದೆ. ಅಲ್ಲಿನ ಸೋಮೇಶ್ವರ ಗುಡಿಯ ಶಾಸನದಲ್ಲಿ ಇನ್ನೊಂದು ಕಥೆಯಿದೆ: ಜೈನರೊಡನೆ ಪಂಥ ಕಟ್ಟಿ ತಲೆ ಅರಿದುಕೊಂಡು ಮತ್ತೆ ಪಡೆದ ಏಕಾಂತದ ರಾಮಯ್ಯನದು. ಸುಮಾರು 1200ರ ಈ ಬರಹವನ್ನು ಓದಿ ‘ಎಪಿಗ್ರಾಫಿಯಾ ಇಂಡಿಕಾ’ದ 5ನೇ ಸಂಪುಟದಲ್ಲಿ ಅಚ್ಚು ಹಾಕಿಸಿದವರು ಜೆ.ಎಫ್. ಫ್ಲೀಟ್. ಸಂಗೊಳ್ಳಿ ರಾಯಣ್ಣನ ಲಾವಣಿಯನ್ನು ಸಂಗ್ರಹಿಸಿದ ಬ್ರಿಟಿಷ್ ಅಧಿಕಾರಿಯೂ ಇವರೇ.

ಆ ಸಂಪುಟಗಳಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಕಂಸಗಳು. ಸವೆದು ಅನುಮಾನವಾಗಿರುವ ಅಕ್ಷರಕ್ಕೆ ಚೌಕ ಕಂಸ, ಸಂಪಾದಕರು ತಿದ್ದಿದ್ದಕ್ಕೆ ದುಂಡು ಕಂಸ, ಪೂರ್ತಿ ಹೋದಲ್ಲಿ ಚುಕ್ಕಿಗಳು. ಹಾನಗಲ್ಲಿನ ಹಳೆಯ ಹೆಸರನ್ನೇ ತೆಗೆದುಕೊಳ್ಳಿ. ಕಲ್ಲಿನಲ್ಲಿ ‘ಗ’ ಮಾತ್ರ ಒಡೆದಿದ್ದರೆ ‘ಪಾನುಂ[ಗ]ಲ್’ ಎಂದು ಬರೆಯಬೇಕು. ಉಳಿದದ್ದು ಕಂಡದ್ದು, ‘ಗ’ ಊಹಿಸಿದ್ದು ಎಂಬುದು ಆಗ ಓದುಗನಿಗೆ ತಿಳಿಯುತ್ತದೆ.

ಕಲ್ಲು ತೊಳೆದು, ಒದ್ದೆ ಕಾಗದ ಹಾಸಿ, ಬ್ರಷ್‌ನಿಂದ ಬಡಿದು ಮಸಿ ಒತ್ತಿದರೆ ಅಕ್ಷರ ಬಿಳಿಯಾಗಿ ಮೂಡುತ್ತದೆ. ಬಿರುಕೂ ಬಿಳಿಯಾಗಿಯೇ ಮೂಡಿ ದೀರ್ಘದ ಗೆರೆಯಂತೆ ಕಾಣಬಹುದು. ಆದ್ದರಿಂದ ಪಡಿಯಚ್ಚೊಂದನ್ನೇ ನಂಬದೆ, ಇಳಿಬಿಸಿಲಿನ ಓರೆ ಬೆಳಕಿನಲ್ಲಿ ಕಲ್ಲನ್ನು ಮತ್ತೆ ನೋಡಬೇಕು. ಉಳಿಯ ಗೀರಿಗೆ ಅಂಚಿರುತ್ತದೆ, ಬಿರುಕು ಅಕ್ಷರ ದಾಟಿ ಮುಂದೆ ಹೋಗಿರುತ್ತದೆ.

ಇನ್ನು ಕಾಗುಣಿತವನ್ನು ಇಂದಿನದಾಗಿಸುವ ಕೆಲಸ. ‘ಧರ್ಮ್ಮ’ವನ್ನು ‘ಧರ್ಮ’ ಎಂದರೆ ನಷ್ಟವಿಲ್ಲ. ಆದರೆ ‘ಱ’ವನ್ನು ‘ರ’ ಮಾಡುವಾಗ ಎಚ್ಚರ ಬೇಕು. ‘ಅಱಸು’ ಎಂದರೆ ಹುಡುಕು, ‘ಅರಸು’ ಎಂದರೆ ರಾಜ. ತಿದ್ದಿದ ಮೇಲೆ ಎರಡೂ ಒಂದೇ. ಹಾಗೆಯೇ ‘ಬಾೞ್’ ಬದುಕು, ‘ಬಾಳ್’ ಖಡ್ಗ. ಹಳೆಯ ಬರಹದಲ್ಲಿ ಎ-ಏ, ಒ-ಓ ಭೇದವೂ ಇರುತ್ತಿರಲಿಲ್ಲ. ಅಲ್ಲಿ ಹ್ರಸ್ವವೋ ದೀರ್ಘವೋ ಎಂದು ತೀರ್ಮಾನಿಸುವವರು ಓದುವವರೇ. ಅದಕ್ಕೇ ಮೂಲಪಾಠ ಒಂದು ಕಡೆ, ಹೊಸ ಕಾಗುಣಿತದ ಪಾಠ ಇನ್ನೊಂದು ಕಡೆ ಇರಬೇಕು. ಮೂಲದ ಅನುಮಾನ ಹೊಸ ಪಾಠಕ್ಕೂ ದಾಟಬೇಕು.

ನಮ್ಮಲ್ಲಿ ತಪ್ಪುತ್ತಿರುವುದು ಇದೇ. ಊರಿನ ಇತಿಹಾಸದ ಪುಸ್ತಿಕೆಗೆ, ಗುಡಿಯ ಫಲಕಕ್ಕೆ ಪಾಠ ಇಳಿಯುವಾಗ ಕಂಸಗಳು ಅಂದಕ್ಕೆ ಅಡ್ಡಿಯೆಂದು ಉದುರಿಹೋಗುತ್ತವೆ. ಊಹೆಯ ಹೆಸರೇ ಊರಿನ ಚರಿತ್ರೆಯಾಗುತ್ತದೆ. ಅಷ್ಟರಲ್ಲಿ ಕಲ್ಲಿಗೆ ಎಣ್ಣೆಯೋ ಬಣ್ಣವೋ ಬಿದ್ದಿದ್ದರೆ ಸರಿನೋಡುವ ದಾರಿಯೂ ಮುಚ್ಚಿದಂತೆ.

ಸವಣೂರಿರಲಿ, ಶಿಗ್ಗಾವಿಯ ಬಂಕಾಪುರವಿರಲಿ, ನಿಮ್ಮೂರಿನ ಶಾಸನಕ್ಕೆ ದಯವಿಟ್ಟು ಬಣ್ಣ ಬಳಿಯಬೇಡಿ. ಪಾಠವನ್ನು ಅಚ್ಚು ಹಾಕಿಸುವಾಗ ಕಂಸಗಳನ್ನು ಹಾಗೆಯೇ ಉಳಿಸಿ.