ಒಂದೇ ಸೀಳು, 1,875 ಪಟ್ಟು ಸೋಲು

ಒಂದು ಉಕ್ಕಿನ ಪೈಪು ತೆಗೆದುಕೊಳ್ಳಿ. ಸರಾಸರಿ ಅಡ್ಡಳತೆ 50 ಮಿಲಿಮೀಟರ್, ಗೋಡೆಯ ದಪ್ಪ 1 ಮಿಲಿಮೀಟರ್, ಉದ್ದ 1 ಮೀಟರ್. ಈ ತುದಿಯಿಂದ ಆ ತುದಿಯವರೆಗೆ ಹ್ಯಾಕ್ಸಾದಲ್ಲಿ ನೆಟ್ಟಗೆ ಒಂದೇ ಒಂದು ಸೀಳು ಹಾಕಿ. ಕಳೆದುಕೊಂಡದ್ದೇನು? ಬ್ಲೇಡು ಉದುರಿಸಿದ ಒಂದಿಷ್ಟು ಪುಡಿ, ತೂಕದಲ್ಲಿ ನೂರಕ್ಕೆ ಒಂದು ಪಾಲೂ ಇಲ್ಲ. ಈಗ ಅದನ್ನು ತಿರುಚಿ ನೋಡಿ. ಪೈಪು 1,875 ಪಟ್ಟು ಮೆತ್ತಗಾಗಿದೆ! ಹದಿನೆಂಟು ಪಟ್ಟಲ್ಲ, ನೂರೆಂಬತ್ತು ಪಟ್ಟೂ ಅಲ್ಲ.

ಇದು ಬರಿಯ ಕಾಗದದ ಮೇಲಿನ ಅಂಕಿ ಎನಿಸಿದರೆ ಕಣ್ಣಿಗೆ ಕಾಣುವ ಹಾಗೆ ಲೆಕ್ಕ ಹಾಕೋಣ. ಪೈಪಿನ ಒಂದು ತುದಿ ತಿರುಗದಂತೆ ಗೋಡೆಗೆ ಹಿಡಿಸಿ, ಇನ್ನೊಂದು ತುದಿಗೆ ಅಡ್ಡಲಾಗಿ ಒಂದು ಮೀಟರ್ ಉದ್ದದ ಗಟ್ಟಿ ಸರಳನ್ನು ಸಿಕ್ಕಿಸಿ, ಎರಡೂ ಕಡೆ ಸೀಳಿನ ಅಂಚುಗಳು ಉದ್ದಕ್ಕೆ ಸರಾಗವಾಗಿ ಜಾರಲು ಬಿಟ್ಟು, ಸರಳಿನ ಕೊನೆಗೆ ಬರೀ 100 ಗ್ರಾಂ ತೂಕ ತೂಗುಹಾಕಿದೆವು ಅನ್ನಿ. ಪೈಪು ಇಡಿಯಾಗಿದ್ದರೆ, ತಿರುಚಿನಿಂದಾಗಿ ಸರಳಿನ ತುದಿ ಇಳಿಯುವುದು ಒಂದು ಮಿಲಿಮೀಟರಿನ ಎಂಟನೇ ಒಂದು ಭಾಗ; ಕಣ್ಣಿಗೆ ಸಿಗುವಂಥದ್ದಲ್ಲ. ಸೀಳಿದ ಪೈಪಿಗೆ ಅದೇ ತೂಕ ಹಾಕಿ. ತುದಿ ಸುಮಾರು 23 ಸೆಂಟಿಮೀಟರ್ ಕುಸಿಯುತ್ತದೆ, ಪೈಪು 13 ಡಿಗ್ರಿ ತಿರುಗಿ ನಿಲ್ಲುತ್ತದೆ. ಅದೇ ಉಕ್ಕು, ಅದೇ ಅಳತೆ, ಅದೇ 100 ಗ್ರಾಂ!

ತಿರುಚಿಗೆ ಒಡ್ಡುವ ಬಿಗುವನ್ನು ಎಂಜಿನಿಯರುಗಳು J ಎಂದು ಬರೆಯುತ್ತಾರೆ. ಪೈಪಿನ ಸರಾಸರಿ ತ್ರಿಜ್ಯ r, ಗೋಡೆಯ ದಪ್ಪ t ಆದರೆ ಎರಡರ ಲೆಕ್ಕ ಹೀಗಿದೆ:

```
ಇಡಿ ಪೈಪು     J = 2πr³t
ಸೀಳಿದ ಪೈಪು   J = (2πr)t³ / 3
ಅನುಪಾತ        3(r/t)²
```

ನಮ್ಮ ಪೈಪಿನಲ್ಲಿ r/t ಅಂದರೆ 25. ಅದರ ವರ್ಗ 625, ಮೂರರಿಂದ ಗುಣಿಸಿದರೆ 1,875. ಆದರೆ ನನ್ನನ್ನು ಕುರ್ಚಿಯಿಂದ ಎಬ್ಬಿಸಿದ್ದು ಅನುಪಾತವಲ್ಲ, ನಡುವಿನ ಸಾಲು. 2πr ಅಂದರೆ ಪೈಪಿನ ಸುತ್ತಳತೆ. ಅಷ್ಟು ಅಗಲದ ಒಂದು ಚಪ್ಪಟೆ ತಗಡಿನ ಪಟ್ಟಿಯ J ಎಷ್ಟು? ಅಗಲ ಗುಣಿಸು t³ ಭಾಗಿಸು ಮೂರು. ಅದೇ! ಸೀಳಿದ ಪೈಪನ್ನು ಬಡಿದು ಬಿಡಿಸಿ ನೆಲದ ಮೇಲೆ ಹಾಸಿದರೂ ತಿರುಚಿಗೆ ಅದು ಒಡ್ಡುವ ಬಿಗು ಒಂದಿಷ್ಟೂ ಬದಲಾಗದು. ದುಂಡಗಿರುವುದರಿಂದ ಅದಕ್ಕೆ ಒಂದು ಕಾಸಿನ ಲಾಭವೂ ಇಲ್ಲ.

ಹೀಗೇಕೆ? ಇಡಿ ಪೈಪನ್ನು ತಿರುಚಿದಾಗ ಗೋಡೆಯೊಳಗೆ ಶಿಯರ್ ಒತ್ತಡ ಹುಟ್ಟಿ, ಹೊಳೆಯ ನೀರಿನಂತೆ ಒಂದೇ ದಿಕ್ಕಿನಲ್ಲಿ ಸುತ್ತು ಹಾಕುತ್ತದೆ. ಅದರ ಪ್ರತಿಯೊಂದು ತುಣುಕೂ ಕೇಂದ್ರದಿಂದ 25 ಮಿಲಿಮೀಟರ್ ದೂರದಲ್ಲಿ ನಿಂತು ತಿರುಚನ್ನು ತಡೆಯುತ್ತದೆ. ಸೀಳು ಬಿದ್ದೊಡನೆ ಸುತ್ತು ಕಡಿಯುತ್ತದೆ. ಸೀಳಿನ ಅಂಚಿನಾಚೆ ಇರುವುದು ಬರೀ ಗಾಳಿ, ಅದನ್ನು ದಾಟಿ ಒತ್ತಡ ಹೋಗಲಾರದು. ಹಾಗಾಗಿ ಗೋಡೆಯ ಹೊರಮೈಯಲ್ಲಿ ಓಡಿ ಬಂದ ಒತ್ತಡ ಅಂಚಿನಲ್ಲಿ ಹೊರಳಿ, ಒಳಮೈಯಲ್ಲಿ ಎದುರು ದಿಕ್ಕಿಗೆ ವಾಪಸು ಹೋಗಬೇಕು. ಒಂದು ಮಿಲಿಮೀಟರ್ ದಪ್ಪದೊಳಗೇ ಹೋಗುವುದೂ ಬರುವುದೂ! ಎರಡೂ ಹೆಚ್ಚುಕಡಿಮೆ ಒಂದನ್ನೊಂದು ಹೊಡೆದುಹಾಕುತ್ತವೆ. 25 ಮಿಲಿಮೀಟರಿನ ಹಿಡಿತ ಹೋಗಿ, ಒಂದು ಮಿಲಿಮೀಟರಿಗಿಂತ ಕಡಿಮೆ ಹಿಡಿತ ಉಳಿಯುತ್ತದೆ. ಅಷ್ಟರಲ್ಲೇ ಅದೇ ಭಾರ ಹೊರಬೇಕಾಗಿ ಉಕ್ಕಿನೊಳಗಿನ ಒತ್ತಡವೂ 75 ಪಟ್ಟು ಏರುತ್ತದೆ.

ಇದನ್ನು ಕಣ್ಣಾರೆ ಕಾಣಿಸುವ ದಾರಿಯೊಂದಿದೆ, ಮತ್ತು ಅದು ಸಾಬೂನಿನ ನೀರಿನಲ್ಲಿದೆ! ತಿರುಚಿದ ಸರಳಿನ ಸಮೀಕರಣವೂ ಉಬ್ಬಿದ ಸಾಬೂನು ಪೊರೆಯ ಸಮೀಕರಣವೂ ಒಂದೇ ಎಂಬುದನ್ನು 1903ರಲ್ಲಿ ಗುರುತಿಸಿದವರು ಜರ್ಮನಿಯ ಲುಡ್ವಿಗ್ ಪ್ರಾಂಟ್ಲ್. ತಗಡಿನಲ್ಲಿ ಸರಳಿನ ಅಡ್ಡಕೊಯ್ತದ ಆಕಾರದ ತೂತು ಕೊರೆದು, ಅದಕ್ಕೆ ಸಾಬೂನು ಪೊರೆ ಕಟ್ಟಿ, ಕೆಳಗಿನಿಂದ ಮೆಲ್ಲಗೆ ಗಾಳಿಯೊತ್ತಿದರೆ ಪೊರೆ ಉಬ್ಬುತ್ತದೆ. ಉಬ್ಬಿನ ಕೆಳಗೆ ಎಷ್ಟು ಜಾಗವಿದೆಯೋ ಅಷ್ಟು ತಿರುಚಿನ ಬಿಗು. ಪೊರೆಯ ಇಳಿಜಾರು ಎಲ್ಲಿ ಕಡಿದಾಗಿದೆಯೋ ಅಲ್ಲಿ ಒತ್ತಡ ಹೆಚ್ಚು. 1917ರಲ್ಲಿ ಗ್ರಿಫಿತ್ ಮತ್ತು ಜಿ. ಐ. ಟೇಲರ್ ಇಂಗ್ಲೆಂಡಿನ ಫಾರ್ನ್‌ಬರೋದಲ್ಲಿ ನಿಜವಾಗಿಯೂ ಇಂಥ ಪೊರೆಗಳನ್ನು ಕಟ್ಟಿ ಅಳೆದರು. ಯುದ್ಧಕಾಲದ ವಿಮಾನದ ಕಾರ್ಖಾನೆಯಲ್ಲಿ ಸಾಬೂನಿನ ಗುಳ್ಳೆ!

ನಮ್ಮ ಪೈಪಿನ ಅಡ್ಡಕೊಯ್ತ ಒಂದು ಬಳೆ. ಆದ್ದರಿಂದ ತೂತು ಬಳೆಯಾಕಾರದ್ದು, ನಡುವೆ ತೂಕವೇ ಇಲ್ಲದ ಒಂದು ಬಿಲ್ಲೆ. ಗಾಳಿಯೊತ್ತಿದಾಗ ಪೊರೆ ಆ ಬಿಲ್ಲೆಯನ್ನೇ ಹೊತ್ತು ಮೇಲೇಳುತ್ತದೆ, ಬಿಲ್ಲೆಯ ಕೆಳಗಿನ ವಿಶಾಲ ಜಾಗವೆಲ್ಲ ಲೆಕ್ಕಕ್ಕೆ ಸೇರುತ್ತದೆ. ಈಗ ಸೀಳು ಹಾಕಿ. ಸೀಳು ಅಂದರೆ ಉಕ್ಕಿಲ್ಲದ ಜಾಗ, ಹಾಗಾಗಿ ಅಲ್ಲಿ ಹೊರಗಿನ ತಗಡು ಒಳಚಾಚಿ ಬಿಲ್ಲೆಯನ್ನು ಹಿಡಿದುಬಿಡುತ್ತದೆ. ಬಿಲ್ಲೆ ಏಳಲಾರದು! ಒಂದು ಮಿಲಿಮೀಟರ್ ಅಗಲದ ಕಾಲುವೆಯ ಮೇಲೆ ಕಂಡೂ ಕಾಣದ ಒಂದು ದಿಬ್ಬ ಏಳುತ್ತದೆ, ಅಷ್ಟೇ. ಮೊದಲು ಬಿಲ್ಲೆ ಎದ್ದಿದ್ದ ಎತ್ತರ ಈ ದಿಬ್ಬದ ನೂರರಷ್ಟು. ಅದಕ್ಕೆ ಬಿಲ್ಲೆಯ ಅಗಲವನ್ನೂ ಸೇರಿಸಿ ಜಾಗ ಅಳೆದರೆ ಮತ್ತೆ ಸಿಗುವುದು ಅದೇ 1,875.

ಮನೆಯಲ್ಲೇ ನೋಡುವವರಿಗೆ ಒಂದು ದಪ್ಪ ಕಾಗದ ಸಾಕು. ಅಂಚಿಗೆ ಅಂಚು ತಾಗುವಂತೆ ಕೊಳವೆ ಸುತ್ತಿ, ಎರಡೂ ತುದಿ ಹಿಡಿದು ತಿರುಚಿ. ಅಂಚುಗಳು ಒಂದರ ಪಕ್ಕ ಒಂದು ಉದ್ದಕ್ಕೆ ಜಾರುತ್ತವೆ. ಮೊದಲೇ ಸೀಳಿಗೆ ಅಡ್ಡಲಾಗಿ ಪೆನ್ಸಿಲ್ ಗೆರೆ ಎಳೆದಿಟ್ಟಿದ್ದರೆ ಗೆರೆ ತುಂಡಾಗಿ ಎರಡು ಕಡೆ ಸರಿಯುವುದು ಕಾಣುತ್ತದೆ. 100 ಗ್ರಾಂ ಹೊತ್ತ ನಮ್ಮ ಉಕ್ಕಿನ ಪೈಪಿನಲ್ಲೂ ಈ ಜಾರುವಿಕೆ ಸುಮಾರು 0.9 ಮಿಲಿಮೀಟರ್. ಇನ್ನು ಸೀಳಿನ ಉದ್ದಕ್ಕೂ ಟೇಪು ಅಂಟಿಸಿ ತಿರುಚಿ. ಕಾಗದ ಹಟಮಾರಿಯಾಗುತ್ತದೆ! ಟೇಪು ಮಾಡಿದ್ದು ಇಷ್ಟೇ: ಅಂಚುಗಳು ಜಾರದಂತೆ ತಡೆದದ್ದು.

ಜಾರುವಿಕೆಯೇ ಇಲ್ಲಿನ ಕೀಲಿ ಎಂದು ಗೊತ್ತಾದರೆ ವಿನಾಯಿತಿಗಳೂ ಅರ್ಥವಾಗುತ್ತವೆ. ಸೀಳು ತುದಿಗಳನ್ನು ಮುಟ್ಟದೆ ನಡುವೆ ಮಾತ್ರ ಇದ್ದರೆ, ಅಥವಾ ಎರಡೂ ತುದಿಗೆ ದಪ್ಪ ಪ್ಲೇಟು ಬೆಸೆದಿದ್ದರೆ, ಅಂಚುಗಳು ಸರಾಗವಾಗಿ ಜಾರಲಾರವು. ಗಿಡ್ಡ ಪೈಪಾದರೆ ಮೇಲಿನ ಸೂತ್ರ ಹೇಳುವುದಕ್ಕಿಂತ ಎಷ್ಟೋ ಗಟ್ಟಿಯಾಗಿರುತ್ತದೆ. ಗೋಡೆ ದಪ್ಪವಾದಷ್ಟೂ ಅಂತರ ತಗ್ಗುತ್ತದೆ. ಇನ್ನು ಬಗ್ಗಿಸುವ ವಿಷಯಕ್ಕೆ ಬಂದರೆ, ಸೀಳಿದ ಪೈಪಿನ ಬಿಗು ಹೆಚ್ಚುಕಡಿಮೆ ಮೊದಲಿನಷ್ಟೇ! ಇದೇ ಮೋಸದ ಜಾಗ. ಅಂಗಡಿಯಲ್ಲಿ ಸಿಗುವ ಇಆರ್‌ಡಬ್ಲ್ಯೂ ಪೈಪೂ ಮೂಲತಃ ಉಕ್ಕಿನ ಪಟ್ಟಿಯನ್ನು ದುಂಡಗೆ ಸುತ್ತಿ ಅಂಚು ಬೆಸೆದದ್ದೇ. ಬೆಸುಗೆ ಉದ್ದಕ್ಕೂ ಕೂಡಿಕೊಳ್ಳದೇ ಹೋದರೆ ತೂಕದಲ್ಲಿ, ಅಳತೆಯಲ್ಲಿ, ಮೊಣಕಾಲಿಗೆ ಒತ್ತಿ ಬಗ್ಗಿಸುವಾಗ ಏನೂ ತಿಳಿಯದು. ತಿರುಚಿದರೆ ಗುಟ್ಟು ರಟ್ಟು.

ಹಾಗೆಂದು ಈ ಮೆತ್ತಗಿನ ಗುಣ ಎಲ್ಲರಿಗೂ ಬೇಡವಾದದ್ದೇನಲ್ಲ. 1974ರ ಫೋಕ್ಸ್‌ವ್ಯಾಗನ್ ಗಾಲ್ಫ್ ಕಾರಿನ ಹಿಂಬದಿಯಲ್ಲಿ ಎಡಬಲದ ಎರಡು ತೋಳುಗಳನ್ನು ಸೇರಿಸುವ ಅಡ್ಡತೊಲೆಯನ್ನು ಬೇಕೆಂದೇ ತೆರೆದ ಆಕಾರದಲ್ಲಿ ಮಾಡಿದರು. ಆ ತೊಲೆ ಬಗ್ಗುವುದಕ್ಕೆ ಒಪ್ಪುವುದಿಲ್ಲ, ಆದ್ದರಿಂದ ಚಕ್ರಗಳು ನೆಟ್ಟಗೆ ನಿಲ್ಲುತ್ತವೆ; ತಿರುಚುವುದಕ್ಕೆ ಮಾತ್ರ ಸಲೀಸಾಗಿ ಒಪ್ಪುತ್ತದೆ, ಆದ್ದರಿಂದ ಒಂದು ಚಕ್ರ ಉಬ್ಬು ಹತ್ತಿದಾಗ ಇನ್ನೊಂದು ರಸ್ತೆ ಬಿಡುವುದಿಲ್ಲ. ಇವತ್ತಿಗೂ ಅನೇಕ ಚಿಕ್ಕ ಕಾರುಗಳ ಹಿಂದೆ ಇದೇ ಏರ್ಪಾಡು. ಯಾರಾದರೂ ಆ ತೊಲೆಯ ತೆರೆದ ಬದಿಗೆ ಉದ್ದಕ್ಕೂ ಒಂದು ತಗಡು ಬೆಸೆದು ಮುಚ್ಚಿಬಿಟ್ಟರೆ, ಅಷ್ಟಕ್ಕೇ ಕಾರಿನ ಎರಡೂ ಹಿಂಚಕ್ರಗಳು ಒಂದಕ್ಕೊಂದು ಕಟ್ಟಿಹಾಕಿದಂತೆ ಓಡತೊಡಗುತ್ತವೆ.